ಅಪ್‌ಡೇಟ್: ಸಂಬಳದ ಖಾತೆ ಬದಲಾವಣೆಯ ಪತ್ರ

ನನ್ನ ಪ್ರಶ್ನೆ: "ಬೇರೆ ಬ್ಯಾಂಕಿಗೆ ಹೋಗಿದ್ದೇನೆ. ಬೆಂಗಳೂರಿನ ನಮ್ಮ ಕಚೇರಿಯ ಪೇರೋಲ್ ವಿಭಾಗಕ್ಕೆ ಪತ್ರದಲ್ಲಿ ಏನು ಬರೆಯಬೇಕು?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಜೂನ್ ಸಂಬಳ ಹೊಸ ಖಾತೆಗೆ ಜಮಾ ಆಗಿದೆ. ಪತ್ರದ ಮುಖ್ಯ ವಾಕ್ಯವನ್ನು ಹೀಗೆ ಬರೆದಿದ್ದೆ: "ಜೂನ್ ತಿಂಗಳ ಸಂಬಳದಿಂದ ಆರಂಭಿಸಿ, ನನಗೆ ಸಲ್ಲಬೇಕಾದ ಎಲ್ಲ ಮೊತ್ತವನ್ನೂ ಕೆಳಗಿನ ಖಾತೆಗೆ ಜಮಾ ಮಾಡಬೇಕೆಂದೂ, ಈಗ ನಿಮ್ಮ ದಾಖಲೆಯಲ್ಲಿರುವ ಖಾತೆಯನ್ನು ತೆಗೆದುಹಾಕಬೇಕೆಂದೂ ಕೋರುತ್ತೇನೆ." ಯಾವ ತಿಂಗಳಿನಿಂದ ಎಂಬುದನ್ನು ಬರೆಯದಿದ್ದರೆ, ಆ ತಿಂಗಳ ಪಟ್ಟಿ ಅಂತಿಮವಾದ ಮೇಲೆ ಬಂದ ಪತ್ರವನ್ನು ಹೇಗೆ ಪರಿಗಣಿಸಬೇಕೆಂಬ ಗೊಂದಲ ಉಳಿಯುತ್ತದೆ. ಅದರ ಕೆಳಗೆ ಉದ್ಯೋಗಿ ಸಂಖ್ಯೆ, ಖಾತೆಯಲ್ಲಿರುವಂತೆಯೇ ಹೆಸರು, ಶಾಖೆ, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೊಟ್ಟೆ.

ಎನ್‌ಇಎಫ್‌ಟಿ ಮೂಲಕ ಬರುವ ಹಣ ಖಾತೆ ಸಂಖ್ಯೆಯನ್ನು ಮಾತ್ರ ಆಧರಿಸಿ ಜಮಾ ಆಗುವುದರಿಂದ, ಹೆಸರು ಸರಿಯಿದ್ದರೂ ಒಂದು ಅಂಕಿ ತಪ್ಪಿದರೆ ಸಂಬಳ ಇನ್ನೊಬ್ಬರ ಖಾತೆಗೆ ಹೋಗಬಹುದು. ಆದ್ದರಿಂದ ಹೆಸರು ಮುದ್ರಿತವಾಗಿರುವ ರದ್ದುಪಡಿಸಿದ ಚೆಕ್ಕನ್ನು ಲಗತ್ತಿಸುವುದು ಅತ್ಯಗತ್ಯವೆಂದು ನನ್ನ ಅಭಿಪ್ರಾಯ. ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಸದಾ ಸೊನ್ನೆ. ಅಲ್ಲಿ 'ಓ' ಅಕ್ಷರ ಬಿದ್ದಿದೆಯೇ ಎಂದು ನೋಡಿಕೊಳ್ಳಿ.

ಗೃಹಸಾಲದ ಕಂತು ಇನ್ನೂ ಹಳೆಯ ಖಾತೆಯಿಂದಲೇ ಕಡಿತವಾಗುತ್ತಿರುವುದರಿಂದ, ಹೊಸ ಮ್ಯಾಂಡೇಟ್ ಜಾರಿಗೆ ಬರುವವರೆಗೆ ಅದನ್ನು ಮುಚ್ಚದೆ ಕಂತಿನಷ್ಟು ಹಣವನ್ನು ಅಲ್ಲಿ ಇಟ್ಟಿದ್ದೇನೆ.