ಪದಚರ್ಚೆ: ಗುಳಿಗೆಯಿಂದ ಏರಿದ ಥೈರಾಯ್ಡಿಗೆ ‘ಸೋಗಿನ’ ಅನ್ನಬಹುದಾ?

ಸುಮಾ:
ಎಲ್ರಿಗೂ ನಮಸ್ಕಾರ. ರೋಗಿಗಳಿಗಾಗಿ ಬರೆದ ಒಂದು ಕೈಪಿಡಿ ಕನ್ನಡಕ್ಕೆ ತರ್ತಿದೀನಿ, ‘ಫ್ಯಾಕ್ಟಿಷಿಯಸ್ ಥೈರೋಟಾಕ್ಸಿಕೋಸಿಸ್’ ಹತ್ರ ನಿಂತುಹೋಗಿದೀನಿ, ಅಂದ್ರೆ ಹೊರಗಿಂದ ತಗೊಂಡ ಥೈರಾಯ್ಡ್ ಹಾರ್ಮೋನು ರಕ್ತದಲ್ಲಿ ವಿಪರೀತ ಏರೋದು. ನಿಘಂಟು ನೋಡಿದ್ರೆ ಕೃತಕ, ಸೋಗಿನ ಅಂತೆಲ್ಲ ಇದೆ. ಆದ್ರೆ ಅಲ್ಲಿರೋ ಉದಾಹರಣೆ ನೋಡಿ, 34 ವರ್ಷದ ಹೆಂಗಸು, ಎರಡು ತಿಂಗಳಲ್ಲಿ 9 ಕೆಜಿ ಇಳಿದಿದಾರೆ, ನಾಡಿ 118, ಕೈ ನಡುಗುತ್ತೆ, ನಿದ್ದೆ ಇಲ್ಲ. ಥೈರಾಯ್ಡನ್ನ ಕೆಲಸಕ್ಕೆ ಹಚ್ಚೋ ಹಾರ್ಮೋನು ಟಿಎಸ್‌ಎಚ್ 0.01ಕ್ಕಿಂತ ಕಮ್ಮಿ, ಥೈರಾಯ್ಡ್ ಹಾರ್ಮೋನು ಟಿ4 ಇರಬೇಕಾದ್ದಕ್ಕಿಂತ ಎರಡರಷ್ಟು. ಕತ್ತಲ್ಲಿ ಗಡ್ಡೆ ಇಲ್ಲ, ಕಣ್ಣೂ ಚೆನ್ನಾಗಿದೆ. ಕೊನೆಗೆ ಥೈರಾಯ್ಡ್ ಗ್ರಂಥಿಯ ಪ್ರೋಟೀನು ಥೈರೋಗ್ಲೋಬುಲಿನ್ ಅಳತೆಗೇ ಸಿಗದಷ್ಟು ಕಮ್ಮಿ ಬಂದಾಗ ವಿಚಾರಿಸಿದ್ರೆ ತೂಕ ಇಳಿಸೋ ಕ್ಯಾಪ್ಸೂಲ್ ತಗೋತಿದ್ರು ಅಂತ ಗೊತ್ತಾಗುತ್ತೆ. ಎದೆ ಹೊಡ್ಕೊಳೋದು ನಿಜ, ತೂಕ ಇಳಿದಿದ್ದೂ ನಿಜ, ಸೋಗು ಅಂತ ಹೇಗೆ ಬರೀಲಿ?

ಗಿರೀಶ:
ಮೇಡಂ, ಲ್ಯಾಬಲ್ಲಿ ಕೆಲಸ ಮಾಡ್ತೀನಿ ಅದಕ್ಕೆ ಹೇಳ್ತಿದೀನಿ, ಥೈರೋಗ್ಲೋಬುಲಿನ್ ತನಕ ಹೋಗೋದೇ ಬೇಡ. ಅಯೋಡಿನ್ ಅಪ್‌ಟೇಕ್ ಮಾಡಿಸಿದ್ರೆ ಗ್ರಂಥಿ ಏನೂ ಹೀರಿರಲ್ಲ, ನೂರಕ್ಕೆ ಒಂದೆರಡು ಅಷ್ಟೇ, ಅಲ್ಲಿಗೆ ಗುಳಿಗೆ ಅಂತ ಖಚಿತ. ‘ಕೃತಕ ಹೈಪರ್‌ಥೈರಾಯ್ಡ್’ ಅಂತ ಹಾಕಿಬಿಡಿ, ಎಲ್ರಿಗೂ ಅರ್ಥ ಆಗುತ್ತೆ.

ಡಾ. ಶೈಲಜಾ:
ಗಿರೀಶ್ ಅವರೇ, ಅಪ್‌ಟೇಕ್ ಕಮ್ಮಿ ಬರೋದು ನಿಜ, ಆದ್ರೆ ನೋವಿಲ್ಲದ ಥೈರಾಯ್ಡೈಟಿಸಲ್ಲೂ ಹಾಗೇ ಬರುತ್ತೆ. ಅಲ್ಲಿ ಗ್ರಂಥಿ ಉರಿದು ಒಡೆದು ಒಳಗೆ ಕೂಡಿಟ್ಟಿದ್ದ ಹಾರ್ಮೋನು ರಕ್ತಕ್ಕೆ ಸುರಿಯುತ್ತೆ, ಹೊಸದಾಗಿ ಅಯೋಡಿನ್ ಹೀರಲ್ಲ. ಇವೆರಡನ್ನ ಬಿಡಿಸೋದೇ ಥೈರೋಗ್ಲೋಬುಲಿನ್. ಗ್ರಂಥಿ ಹಾರ್ಮೋನನ್ನ ಈ ಪ್ರೋಟೀನಿನ ಮೇಲೇ ಕಟ್ಟೋದು, ಹಾಗಾಗಿ ಗ್ರೇವ್ಸ್ ಅನ್ನೋ ಥೈರಾಯ್ಡ್ ಕಾಯಿಲೇಲಿ ಗ್ರಂಥಿ ವಿಪರೀತ ಕೆಲಸ ಮಾಡಿದ್ರೂ, ಥೈರಾಯ್ಡೈಟಿಸಲ್ಲಿ ಒಡೆದ್ರೂ ಹಾರ್ಮೋನಿನ ಜೊತೆ ಇದೂ ರಕ್ತಕ್ಕೆ ಬಂದು ಏರಿರುತ್ತೆ. ಗುಳಿಗೇಲಿ ಬರೋದು ಹಾರ್ಮೋನು ಮಾತ್ರ. ಒಣಗಿಸಿದ ಪ್ರಾಣಿ ಗ್ರಂಥಿಯ ಪುಡೀನೇ ನುಂಗಿದ್ರೂ ಅದರಲ್ಲಿರೋ ಪ್ರೋಟೀನು ಹೊಟ್ಟೇಲಿ ಜೀರ್ಣ ಆಗಿಹೋಗುತ್ತೆ. ಹೊರಗಿಂದ ಹಾರ್ಮೋನು ಬಂದ ಮೇಲೆ ಟಿಎಸ್‌ಎಚ್ ಬೀಳುತ್ತೆ, ಸ್ವಂತ ಗ್ರಂಥಿ ತೆಪ್ಪಗೆ ಕೂರುತ್ತೆ, ಥೈರೋಗ್ಲೋಬುಲಿನ್ ತಳಕ್ಕೆ ಹೋಗುತ್ತೆ. 1982ರಲ್ಲೇ ಇದು ವೈದ್ಯ ಪತ್ರಿಕೇಲಿ ಬಂದಿದೆ.

ಅದಕ್ಕೇ ‘ಹೈಪರ್‌ಥೈರಾಯ್ಡ್’ ಇಲ್ಲಿ ತಪ್ಪು ಪದ. ಗ್ರಂಥಿ ಅತಿಯಾಗಿ ಕೆಲಸ ಮಾಡ್ತಾನೇ ಇಲ್ಲ, ಹಾಗಾಗಿ ಅದನ್ನ ತಡೆಯೋ ಕಾರ್ಬಿಮಜೋಲ್ ಕೊಟ್ರೂ ಉಪಯೋಗ ಇಲ್ಲ. ಕ್ಯಾಪ್ಸೂಲ್ ನಿಲ್ಲಿಸಿ, ಎದೆಬಡಿತಕ್ಕೆ ಬೇಕಾದ್ರೆ ಪ್ರೊಪ್ರನೊಲಾಲ್ ಕೊಟ್ಟು ಕಾಯಬೇಕು. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಒಂದು ವಾರ ಹಿಡಿಯುತ್ತೆ, ಹಾಗಾಗಿ ಬಿಟ್ಟ ಮಾರನೇ ದಿನ ಸರಿ ಹೋಗ್ಲಿಲ್ಲ ಅಂತ ಹೆದರಬಾರ್ದು.

ಲಲಿತಮ್ಮ:
ಡಾಕ್ಟ್ರೇ, ನಂಗೆ ಕ್ಯಾನ್ಸರ್ ಅಂತ ಥೈರಾಯ್ಡ್ ಪೂರ್ತಿ ತೆಗೆದಿದಾರೆ, ದಿನಾ ಬೆಳಿಗ್ಗೆ ಮಾತ್ರೆ ತಗೋತೀನಿ. ಹೋದ ಸಲ ಥೈರೋಗ್ಲೋಬುಲಿನ್ 0.1ಕ್ಕಿಂತ ಕಮ್ಮಿ ಅಂತ ಬಂದಿತ್ತು. ಹಂಗಾದ್ರೆ ನಂಗೂ ಮಾತ್ರೆ ಜಾಸ್ತಿಯಾಗಿ ನಂಜು ಆಗಿದ್ಯಾ?

ಡಾ. ಶೈಲಜಾ:
ಇಲ್ಲಮ್ಮ, ನಿಮ್ಮ ಲೆಕ್ಕ ಬೇರೆ. ಗ್ರಂಥಿಯೇ ಇಲ್ಲ ಅಂದ್ಮೇಲೆ ಅದು ಬರೋಕೆ ಜಾಗ ಇಲ್ಲ, ನಿಮಗೆ ಕಮ್ಮಿ ಬಂದ್ರೆ ಒಳ್ಳೇದೇ. ಮಾತ್ರೆ ಜಾಸ್ತಿಯಾಯ್ತಾ ಅನ್ನೋದನ್ನ ಟಿಎಸ್‌ಎಚ್, ಟಿ4 ನೋಡಿ ನಿಮ್ಮ ಡಾಕ್ಟ್ರು ಹೇಳ್ತಾರೆ. ನೀವಾಗಿ ಕಮ್ಮಿ ಮಾಡ್ಕೋಬೇಡಿ.

ಗಿರೀಶ:
ಥೈರಾಯ್ಡೈಟಿಸ್ ವಿಷಯ ಒಪ್ಪಿದೆ ಮೇಡಂ. ಆದ್ರೆ ಲ್ಯಾಬ್ ಕಡೆಯಿಂದ ಎರಡು ಮಾತು ಸೇರಿಸ್ತೀನಿ. ರಕ್ತದಲ್ಲಿ ಥೈರೋಗ್ಲೋಬುಲಿನ್ ವಿರುದ್ಧದ ಆಂಟಿಬಾಡಿ ಇದ್ರೆ ನಮ್ಮ ಮಾಮೂಲಿ ಕಿಟ್ಟಲ್ಲಿ ಅದು ಸುಳ್ಳುಸುಳ್ಳೇ ಕಮ್ಮಿ ತೋರಿಸುತ್ತೆ, ಅದಕ್ಕೆ ಎರಡೂ ಒಟ್ಟಿಗೇ ಮಾಡಿಸ್ಬೇಕು. ಇನ್ನೊಂದು ಕೂದಲಿಗೆ ಅಂತ ತಗೊಳೋ ಬಯೋಟಿನ್, ದೊಡ್ಡ ಡೋಸ್ ತಗೊಂಡಿದ್ರೆ ಕೆಲವು ಮಶೀನಲ್ಲಿ ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ, ಥೈರೋಗ್ಲೋಬುಲಿನ್ ಕಮ್ಮಿ, ಮೂರೂ ಬರುತ್ತೆ, ಅಂದ್ರೆ ಗುಳಿಗೆ ಕದ್ದು ತಿಂದವರ ರಿಪೋರ್ಟ್ ಥರಾನೇ. ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಡಿ ಅಂತೀವಿ.

ಸುಮಾ:
ಇದು ಕೈಪಿಡೀಲಿ ಇಲ್ಲ, ಅಡಿಟಿಪ್ಪಣಿ ಹಾಕಬಹುದಾ ಅಂತ ಕೇಳ್ತೀನಿ. ಹಾಗಾದ್ರೆ ‘ಸ್ವಯಂಕೃತ ಥೈರಾಯ್ಡ್ ನಂಜು’ ಅಂದ್ರೆ?

ಶ್ರೀನಿವಾಸ:
ಬೇಡ ಸುಮಾ, ಸ್ವಯಂಕೃತ ಅಂದ ತಕ್ಷಣ ಅಪರಾಧ ಅನ್ನೋದು ತಾನಾಗೇ ಬಾಯಿಗೆ ಬರುತ್ತೆ. 1984-85ರಲ್ಲಿ ಅಮೆರಿಕದ ಮಿನೆಸೋಟ ಕಡೆ ದನದ ಕತ್ತಿನ ಮಾಂಸದ ಜೊತೆ ಥೈರಾಯ್ಡ್ ಗ್ರಂಥಿನೂ ಅರೆದು ಕೀಮಾ ಮಾರಿದ್ರು, ತಿಂದ ಊರಿನವರಿಗೆಲ್ಲ ಇದೇ ಕಾಟ. ಅವರು ಸ್ವಯಂ ಏನು ಮಾಡಿದ್ರು? ಕ್ಯಾಪ್ಸೂಲ್ ಹೆಂಗಸಿಗೂ ಅದರಲ್ಲಿ ಹಾರ್ಮೋನಿದೆ ಅಂತ ಗೊತ್ತಿತ್ತಾ? ‘ಹೊರಹಾರ್ಮೋನಿನ ನಂಜು’ ಅನ್ನಿ.

ಡಾ. ಶೈಲಜಾ:
ಪದ ಚೆನ್ನಾಗಿದೆ, ಆದ್ರೆ ಗೊತ್ತಿದ್ದೂ ಗುಟ್ಟಾಗಿ ತಗೊಂಡು ಕೇಳಿದ್ರೆ ಇಲ್ಲ ಅನ್ನೋರೂ ಇದಾರೆ, ಅವರಿಗೆ ಮನೋವೈದ್ಯರ ನೆರವೂ ಬೇಕಾಗುತ್ತೆ. ಫ್ಯಾಕ್ಟಿಷಿಯಸ್ ಅಂತ ನಾವು ಹೆಚ್ಚಾಗಿ ಅನ್ನೋದು ಅಂಥವರಿಗೇ. ಅದು ಈ ಪದದಲ್ಲಿ ಬರಲ್ಲ.

ಸುಮಾ:
ಸದ್ಯಕ್ಕೆ ತಲೆಬರಹಕ್ಕೆ ‘ಹೊರಹಾರ್ಮೋನಿನ ಥೈರಾಯ್ಡ್ ನಂಜು’ ಇಟ್ಕೋತೀನಿ. ಗುಟ್ಟಾಗಿ ತಗೊಳೋರ ಬಗ್ಗೆ ಒಂದು ಪ್ಯಾರಾ ಇದೆ, ಅಲ್ಲಿಗೆ ಬೈದ ಹಾಗೆ ಕೇಳದ ಪದ ಇನ್ನೂ ಸಿಕ್ಕಿಲ್ಲ, ಯಾರಿಗಾದ್ರೂ ಹೊಳೆದ್ರೆ ಬರೀರಿ.