ಸಹಾಯ ಬೇಕು: ರೈಲು ಪ್ರಯಾಣಕ್ಕೆ ಸ್ಟೀಮ್ ಡೆಕ್ ತಗೊಳ್ಳಲಾ, ಫೋನೇ ಸಾಕಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೋಗುತ್ತಿದ್ದೇನೆ, ಎರಡು ರಾತ್ರಿ. ಹೋದ ಸಲ ಫೋನಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಆಡಿದೆ. ಮಧ್ಯಾಹ್ನಕ್ಕೇ ಚಾರ್ಜ್ 15%ಕ್ಕೆ ಇಳಿಯಿತು, ಹೆಬ್ಬೆರಳು ಅರ್ಧ ಪರದೆ ಮುಚ್ಚುತ್ತಿತ್ತು. ಆಮೇಲೆ ಟಿಕೆಟ್ ತೋರಿಸಲೂ ಭಯ!

ಸೆಕೆಂಡ್ ಹ್ಯಾಂಡ್ ಸ್ಟೀಮ್ ಡೆಕ್ ಓಎಲ್‌ಇಡಿ ನೋಡಿದ್ದೇನೆ. ಬ್ಯಾಟರಿ 50 ವ್ಯಾಟ್-ಅವರ್. 5000 ಎಂಎಎಚ್ ಫೋನಿನದು ಸುಮಾರು 19 ಅಷ್ಟೇ. ಆದರೆ ದೊಡ್ಡ ಗೇಮ್ ಹಾಕಿದರೆ ಮೂರು ಗಂಟೆಗೇ ಮುಗಿಯುತ್ತದಂತೆ. ಸ್ಟೀಮ್‌ನಲ್ಲಿ ಕೊಂಡ ನನ್ನ ಹಳೇ ಗೇಮ್‌ಗಳು ಅದರಲ್ಲಿ ಸಿಗುತ್ತವೆ, ಫೋನಿಗೆ ಮತ್ತೆ ದುಡ್ಡು ಕೊಡಬೇಕು. ಆಸೆ ಅದಕ್ಕೇ.

ಬಳಸಿದವರು ಹೇಳಿ: ಸಣ್ಣ ಗೇಮ್‌ಗೆ, ಬ್ರೈಟ್‌ನೆಸ್ ಇಳಿಸಿ 40 ಎಫ್‌ಪಿಎಸ್‌ಗೆ ಕಟ್ಟಿದರೆ ನಿಜಕ್ಕೂ ಎಷ್ಟು ಗಂಟೆ ಬರುತ್ತದೆ? 20000 ಎಂಎಎಚ್, 45 ವ್ಯಾಟ್ ಪವರ್ ಬ್ಯಾಂಕ್ ಒಂದು ಸಲವಾದರೂ ಪೂರ್ತಿ ತುಂಬಿಸುತ್ತಾ? ನೆಟ್‌ವರ್ಕ್ ಇಲ್ಲದ ಕಡೆ ಆಫ್‌ಲೈನ್ ಮೋಡ್ ಕೈಕೊಟ್ಟಿದೆಯಾ?