ಪೈರು ಸೊಂಪಾಗಿತ್ತು, ಭತ್ತ ಮಾತ್ರ ಯಾಕೆ ಕಡಿಮೆ?

ನಾಪೋಕ್ಲು ಕಡೆಯ ರೈತ: ಈ ಸಲ ನನ್ನ ಗದ್ದೆ ನೋಡಿದವರೆಲ್ಲ ಹೊಗಳಿದರು. ಕಡು ಹಸಿರು, ಎದೆಮಟ್ಟ ಪೈರು. ಪಕ್ಕದ ಗದ್ದೆಯವರದು ಇದರ ಮುಂದೆ ಬಡಕಲು. ಈಗ ಒಕ್ಕಿ ಅಳೆದರೆ ಅವರಿಗೇ ಜಾಸ್ತಿ! ಇಬ್ಬರದೂ ಒಂದೇ ತಳಿ. ನಾನು ಎಕರೆಗೆ ಮೂರು ಚೀಲ ಯೂರಿಯಾ ಹಾಕಿದ್ದೆ, ಅವರು ಒಂದೂವರೆ. ಎಲೆ ಜಾಸ್ತಿ ಇದ್ದರೆ ಕಾಳೂ ಜಾಸ್ತಿ ಬರಬೇಕಲ್ವಾ ಮೇಡಂ?

ಕೃಷಿ ವಿಜ್ಞಾನಿ: ಕೊಯ್ಯದೆ ಉಳಿದಿರುವ ಜಾಗ ಎಲ್ಲಾದರೂ ಇದೆಯಾ? ಇದ್ದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಗುರುತು ಮಾಡಿ, ಬುಡಕ್ಕೆ ಕೊಯ್ಯಿರಿ. ಪಕ್ಕದವರನ್ನು ಕೇಳಿ ಅವರ ಗದ್ದೆಯಲ್ಲೂ ಅಷ್ಟೇ ಕೊಯ್ಯಿರಿ. ಕದಿರು ಎಷ್ಟು ಅಂತ ಎಣಿಸಿ. ಚೆನ್ನಾಗಿ ಒಣಗಿಸಿ, ಗಟ್ಟಿ ಭತ್ತ ಬೇರೆ, ಹುಲ್ಲು ಬೇರೆ ತೂಗಿ. ಹತ್ತು ಕದಿರು ಪಕ್ಕಕ್ಕಿಟ್ಟು, ಅದರಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ನೋಡಿ. ಜೊಳ್ಳನ್ನು ಎಸೆಯಬೇಡಿ. ಉತ್ತರ ಅದರಲ್ಲೇ ಇದೆ.

ವಿರಾಜಪೇಟೆ ಕಡೆಯ ಹಿರಿಯರು: ಇದಕ್ಕೆ ತೂಕ, ಲೆಕ್ಕ ಯಾಕೆ? ಎಲೆ ಜಾಸ್ತಿ ಆದರೆ ತುದಿ ಕತ್ತರಿಸಬೇಕು ಅಷ್ಟೆ. ನಮ್ಮ ತಂದೆ ಕತ್ತಿ ಹಿಡಿದು ಇಡೀ ಗದ್ದೆಯ ಗರಿ ಸವರುತ್ತಿದ್ದರು. ಎಲೆಗೆ ಹೋಗುವ ಶಕ್ತಿ ಕಾಳಿಗೆ ಹೋಗುತ್ತೆ.

ಕೃಷಿ ವಿಜ್ಞಾನಿ: ನಿಮ್ಮ ತಂದೆಯವರು ಯಾವಾಗ ಸವರುತ್ತಿದ್ದರು ಅನ್ನೋದು ಮುಖ್ಯ ಅಣ್ಣ. ತೆಂಡೆ ಒಡೆಯುವ ಕಾಲದಲ್ಲಿ, ಒಳಗೆ ಕದಿರು ಮೂಡುವ ಮೊದಲು ಸವರಿದ್ದರೆ ಪೈರು ಕುಳ್ಳಾಗಿ, ಬೀಳದೆ ನಿಂತಿರಬಹುದು. ಆದರೆ ಹೊಡೆ ಬಂದ ಮೇಲೆ ಮಾತ್ರ ಮುಟ್ಟಬೇಡಿ. ಕಾಳಿಗೆ ಬೇಕಾದ ಸಕ್ಕರೆ ಹೆಚ್ಚಾಗಿ ಬರುವುದು ಮೇಲಿನ ಮೂರು ಗರಿಗಳಿಂದ. ಅವನ್ನು ಕತ್ತರಿಸಿದರೆ ಶಕ್ತಿ ಕಾಳಿಗೆ ಹೋಗುವುದಿಲ್ಲ. ಹುಟ್ಟುವುದೇ ಇಲ್ಲ.

ಸೋಮವಾರಪೇಟೆ ಕಡೆಯ ಬೆಳೆಗಾರ್ತಿ: ನನ್ನ ಕಾಫಿಯಲ್ಲೂ ಇದೇ ಗೋಳು ಮೇಡಂ. ಗಿಡ ತುಂಬ ಎಲೆ, ಹಣ್ಣು ಕಡಿಮೆ. ಯೂರಿಯಾ ನಿಲ್ಲಿಸಲಾ?

ಕೃಷಿ ವಿಜ್ಞಾನಿ: ಕಾಫಿ ಬೇರೆ ಕಥೆ ಅಕ್ಕ. ಅಲ್ಲಿ ನೆರಳು, ಚಿಗುರು ತೆಗೆಯುವುದು, ಹೂಮಳೆ, ಎಲ್ಲ ಸೇರುತ್ತೆ. ಅರೇಬಿಕಾದಲ್ಲಿ ಇದರ ತಿರುಗುಮುರುಗೂ ಆಗುತ್ತೆ. ಕಾಯಿ ಮಿತಿಮೀರಿ ಹಿಡಿದು, ಎಲೆ ಉದುರಿ, ರೆಂಬೆಯೇ ಒಣಗುತ್ತೆ. ಬೇರೆ ಪ್ರಶ್ನೆ ಹಾಕಿ, ಫೋಟೋ ಜೊತೆ.

ನಾಪೋಕ್ಲು ಕಡೆಯ ರೈತ (ಐದು ದಿನದ ನಂತರ): ತೂಗಿದೆ ಮೇಡಂ. ನನ್ನದು: ಭತ್ತ 400 ಗ್ರಾಂ, ಹುಲ್ಲು 900 ಗ್ರಾಂ, ಕದಿರು 260. ಪಕ್ಕದವರದು: ಭತ್ತ 500, ಹುಲ್ಲು 560, ಕದಿರು 240. ಹತ್ತು ಕದಿರಲ್ಲಿ ನನ್ನದು 1,100 ಕಾಳು, ಅದರಲ್ಲಿ ಜೊಳ್ಳು 420. ಅವರದು 1,000 ಕಾಳು, ಜೊಳ್ಳು 100.

ಕೃಷಿ ವಿಜ್ಞಾನಿ: ಅಚ್ಚುಕಟ್ಟಾಗಿ ಮಾಡಿದ್ದೀರಿ. ಮೊದಲು ಒಟ್ಟು ತೂಕ ನೋಡಿ. ನಿಮ್ಮ ಪೈರು 1,300 ಗ್ರಾಂ, ಅವರದು 1,060. ಅಂದರೆ ಬೆಳೆಯುವುದರಲ್ಲಿ ನೀವೇ ಗೆದ್ದಿರಿ. ಆದರೆ ಆ ತೂಕದಲ್ಲಿ ಭತ್ತದ ಪಾಲು ನಿಮ್ಮದು 100ಕ್ಕೆ 31, ಅವರದು 47. ಈ ಪಾಲಿಗೇ ನಾವು ಕೊಯ್ಲು ಸೂಚ್ಯಂಕ ಅನ್ನುವುದು. ಹಳೆಯ ಎತ್ತರದ ತಳಿಗಳಲ್ಲಿ ಇದು 30ರ ಆಸುಪಾಸು. 1966ರಲ್ಲಿ ಬಂದ ಐಆರ್-8ರಂಥ ಗಿಡ್ಡ ತಳಿಗಳಲ್ಲಿ 50ರ ಹತ್ತಿರ. ಗಿಡ್ಡ ತಳಿಯನ್ನು ಗೊಬ್ಬರ ಸುರಿದು ಹಳೇ ತಳಿಯ ಲೆಕ್ಕಕ್ಕೆ ಇಳಿಸಿದ್ದೀರಿ, ಬೇಜಾರಾಗಬೇಡಿ!

ಈಗ ಕಾಳಿನ ಲೆಕ್ಕ. ಎಲೆ ಅನ್ನ ಬೇಯಿಸುವ ಒಲೆ ಅಂದುಕೊಳ್ಳಿ, ಕಾಳು ಉಣ್ಣುವ ಬಾಯಿ. ನಮ್ಮ ಭಾಷೆಯಲ್ಲಿ ಸೋರ್ಸ್ ಮತ್ತು ಸಿಂಕ್. ನಿಮ್ಮಲ್ಲಿ ಬಾಯಿ ಕಡಿಮೆ ಇರಲಿಲ್ಲ. 260 ಕದಿರು, ಕದಿರಿಗೆ 110, ಅಂದರೆ ಚದರ ಮೀಟರಿಗೆ 28,600 ಕಾಳು. ಅವರದು 24,000. ಆದರೆ ನಿಮ್ಮಲ್ಲಿ ತುಂಬಿದ್ದು 17,700ರಷ್ಟು, ಅವರಲ್ಲಿ 21,600. ಎಲೆ ಪಂಕ್ತಿಗೆ ಜನ ಕರೆಯಿತು, ಬಡಿಸಲು ಆಗಲಿಲ್ಲ.

ಒಂದು ಕೆಲಸ ಬಾಕಿ. ಜೊಳ್ಳಿನಲ್ಲಿ ನೂರು ಆರಿಸಿ, ಉಗುರಲ್ಲಿ ಸುಲಿದು ನೋಡಿ. ಒಳಗೆ ಏನೂ ಇಲ್ಲದಿದ್ದರೆ ಅದು ಕಟ್ಟಲೇ ಇಲ್ಲ. ಹೂವಿನ ಹೊತ್ತಿಗೋ ಅದರ ಮೊದಲೋ ಚಳಿ, ಮಳೆ ಹೊಡೆದಿರಬಹುದು. ಸಣ್ಣ ಸೊರಗಿದ ಅಕ್ಕಿ ಇದ್ದರೆ ಅದು ಕಟ್ಟಿ, ಹಸಿದು ನಿಂತಿದ್ದು.

ನಾಪೋಕ್ಲು ಕಡೆಯ ರೈತ: 65ರಲ್ಲಿ ಅಕ್ಕಿಯ ಚೂರು ಇದೆ. 35 ಪೂರ್ತಿ ಖಾಲಿ. ಚೂರು ಇರುವುದೆಲ್ಲ ಹೆಚ್ಚಾಗಿ ಕದಿರಿನ ಬುಡದ ಕಡೆ. ಹಾಂ, ಒಂದು ಹೇಳುವುದು ಮರೆತೆ. ಹಾಲು ತುಂಬುವಾಗ ಅರ್ಧ ಗದ್ದೆ ಮಲಗಿತ್ತು. ಕೊಯ್ದದ್ದು ನಿಂತಿದ್ದ ಜಾಗದಲ್ಲಿ.

ಕೃಷಿ ವಿಜ್ಞಾನಿ: ಹಾಗಾದರೆ ಮಲಗಿದ ಕಡೆ ಇನ್ನೂ ಕಡಿಮೆ ಇರುತ್ತೆ. ಕದಿರಿನ ತುದಿಯ ಹೂವು ಮೊದಲು ಅರಳುತ್ತೆ, ಮೊದಲು ಉಣ್ಣುತ್ತೆ. ಬುಡದವು ಕೊನೆಯ ಪಂಕ್ತಿ. ಅಡುಗೆ ಸಾಲದಿದ್ದರೆ ಅವೇ ಹಸಿದು ಉಳಿಯುವುದು.

ಅಷ್ಟು ಎಲೆ ಇದ್ದೂ ಅಡುಗೆ ಯಾಕೆ ಸಾಲಲಿಲ್ಲ? ಎಲೆಯ ಹರವು ನೆಲದ ಐದಾರು ಪಟ್ಟು ಆಗುವವರೆಗೆ ಪೈರು ಬಿಸಿಲನ್ನು ಹಿಡಿಯುತ್ತಾ ಹೋಗುತ್ತೆ. ಅದನ್ನು ಮೀರಿದರೆ ಹೊಸ ಎಲೆ ಬಿಸಿಲು ಹಿಡಿಯುವುದು ಕೆಳಗಿನ ಎಲೆಯಿಂದ ಕಸಿದುಕೊಂಡು. ಕೆಳಗಿನದು ಕತ್ತಲಲ್ಲಿ ಕೂತು, ದುಡಿಯದೆ ಉಸಿರಾಡುತ್ತಾ ಖರ್ಚು ಮಾಡುತ್ತೆ. ನಮ್ಮ ಕೊಡಗಿನ ಮೋಡದಲ್ಲಿ ಬಿಸಿಲೇ ಕಡಿಮೆ, ಹಾಗಾಗಿ ಆ ಮಿತಿ ಬೇಗ ಬರುತ್ತೆ. ಇನ್ನೊಂದು, ಕದಿರು ಹೊರಬರುವ ಮೊದಲು ಕಾಂಡದಲ್ಲಿ ಪಿಷ್ಟ ಕೂಡಿಟ್ಟಿರುತ್ತೆ. ಕಾಳು ತುಂಬುವಾಗ ಮೋಡ ಕವಿದರೆ ಅದೇ ಆಪತ್ತಿನ ಗಂಟು. ಯೂರಿಯಾದ ಸಾರಜನಕ ಹೆಚ್ಚಾದ ಪೈರು ಆ ಗಂಟನ್ನು ಹೊಸ ಎಲೆ, ತಡವಾದ ತೆಂಡೆಗೆ ಖರ್ಚು ಮಾಡಿಬಿಡುತ್ತೆ. ಕಾಂಡ ಮೆದುವಾಗಿ ಬೀಳುವುದೂ ಅದರಿಂದಲೇ.

ಉಳಿದ 35 ಖಾಲಿ ಕಾಳಿನ ಬಗ್ಗೆ ನಾನು ಅಷ್ಟು ಖಚಿತವಾಗಿ ಹೇಳಲಾರೆ. ನಾಟಿ ಯಾವಾಗ ಮಾಡಿದಿರಿ?

ನಾಪೋಕ್ಲು ಕಡೆಯ ರೈತ: ಅಲ್ಲೇ ಇರೋದು ಎಡವಟ್ಟು. ಆಳು ಸಿಗದೆ ಅವರಿಗಿಂತ ಮೂರು ವಾರ ತಡ.

ಕೃಷಿ ವಿಜ್ಞಾನಿ: ಹಾಗಾದರೆ ಇಬ್ಬರ ಗದ್ದೆ ಹೋಲಿಸಿ ಎಲ್ಲವನ್ನೂ ಯೂರಿಯಾ ತಲೆಗೆ ಕಟ್ಟಲು ಆಗುವುದಿಲ್ಲ. ಕದಿರು ಹೊರಬರುವ ಹತ್ತು ಹನ್ನೆರಡು ದಿನ ಮೊದಲು ಚಳಿ ಬಿದ್ದರೆ ಪರಾಗ ಕೆಡುತ್ತೆ. ಸಾರಜನಕ ಜಾಸ್ತಿ ಇದ್ದ ಪೈರಿನಲ್ಲಿ ಇನ್ನೂ ಹೆಚ್ಚು ಕೆಡುತ್ತೆ. ಎರಡೂ ಸೇರಿರಬಹುದು.

ವಿರಾಜಪೇಟೆ ಕಡೆಯ ಹಿರಿಯರು: ಹಾಗಾದರೆ ದೊಡ್ಡ ಕದಿರಿನ ತಳಿ ಹಾಕಿದರೆ ಆಯ್ತಲ್ಲ. ಬಾಯಿ ಹೆಚ್ಚಿಸಿ.

ಕೃಷಿ ವಿಜ್ಞಾನಿ: ಅದನ್ನೇ ಫಿಲಿಪ್ಪೀನ್ಸ್‌ನ ಭತ್ತದ ಸಂಸ್ಥೆಯವರು 1990ರ ಸುಮಾರಿಗೆ ಮಾಡಿ ನೋಡಿದರು. ತೆಂಡೆ ಕಡಿಮೆ, ಕದಿರು ಭಾರಿ. ಮೊದಲ ತಳಿಗಳಲ್ಲಿ ಕಾಳು ತುಂಬಲಿಲ್ಲ, ಇಳುವರಿಯೂ ಅಂದುಕೊಂಡಷ್ಟು ಬರಲಿಲ್ಲ. ಇವರ ಗದ್ದೆಯಲ್ಲೂ ಈಗ ಬಾಯಿ ಹೆಚ್ಚಾಗಿಯೇ ಇದೆ ಅಲ್ವಾ? ಎಲ್ಲ ಕಾಳೂ ತುಂಬಿ, ಒಟ್ಟು ಮಾತ್ರ ಕಡಿಮೆ ಬಂದಿದ್ದರೆ ನಿಮ್ಮ ಮಾತು ಸರಿ ಹೋಗುತ್ತಿತ್ತು.

ಬರುವ ಮಳೆಗಾಲಕ್ಕೆ ಒಂದೇ ದಿನ ನಾಟಿ ಮಾಡಿದ ಗದ್ದೆಯಲ್ಲಿ ಒಂದು ಪಟ್ಟಿ ಬಿಡಿ. ಅಲ್ಲಿ ಒಂದೂವರೆ ಚೀಲ, ಉಳಿದ ಕಡೆ ನಿಮ್ಮ ಮಾಮೂಲು. ಕದಿರು ಮೂಡುವ ಹೊತ್ತಿಗೆ ಎಲೆ ಕಡು ಹಸಿರಾಗಿದ್ದರೆ ಕೊನೆಯ ಮೇಲುಗೊಬ್ಬರ ಹಾಕಬೇಡಿ. ಕೊಯ್ದು ಇದೇ ರೀತಿ ತೂಗಿ.

ನಾಪೋಕ್ಲು ಕಡೆಯ ರೈತ: ಪಟ್ಟಿ ಬಿಡ್ತೀನಿ. ಆದರೆ ಅವ್ವ ಈಗಲೇ ಕೇಳ್ತಿದ್ದಾರೆ, ಮೂರು ಹಸುವಿಗೆ ಬೇಸಿಗೆ ಪೂರ್ತಿ ಹುಲ್ಲು ಎಲ್ಲಿಂದ ಅಂತ. ಅವರ ಲೆಕ್ಕದಲ್ಲಿ ನನ್ನ ಗದ್ದೆಯೇ ಗೆದ್ದಿದೆ.

ಕೃಷಿ ವಿಜ್ಞಾನಿ: ಅವ್ವನ ಲೆಕ್ಕ ತಪ್ಪಲ್ಲ. ಹುಲ್ಲಿಗೂ ಬೆಲೆ ಕಟ್ಟಿ ನೋಡಿ, ಆಮೇಲೆ ಎಷ್ಟು ಯೂರಿಯಾ ಅಂತ ಇಬ್ಬರೂ ಕೂತು ಮಾತಾಡಿ.